ಬ್ಯಾರಲ್ ತಳದ ಒಂದೂವರೆ ಸೆಂಟಿಮೀಟರ್

ಗದಗ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿಯಲ್ಲಿ ನಡೆದದ್ದು. ನಾನು ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ ರಿಪೇರಿ ಮಾಡುವವನು. ರೈತರ ಹೆಸರು, ಊರು, ಟ್ರ್ಯಾಕ್ಟರಿನ ಕಂಪನಿ ಇಲ್ಲಿ ಬೇಡ. ಅವರನ್ನು ನಾನು ಕರೆಯುತ್ತಿದ್ದಂತೆ ಕಾಕಾ ಎಂದೇ ಬರೆಯುತ್ತೇನೆ. ಇದನ್ನೆಲ್ಲ ಬರೆಯಲು ಅವರೇ ಒಪ್ಪಿದ್ದಾರೆ.

ಹಿನ್ನೆಲೆ

ಕಾಕಾ ಅವರದು ಹದಿನೆಂಟು ಎಕರೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಟ್ರ್ಯಾಕ್ಟರ್ ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪಿನದು, ಎರಡು ಡೀಸೆಲ್ ಫಿಲ್ಟರ್ ಇರುವಂಥದ್ದು. ಬಂಕ್ ಹದಿನಾಲ್ಕು ಕಿಲೋಮೀಟರ್ ದೂರ. ಹದ ಬಂದ ದಿನ ಕ್ಯಾನ್ ಹಿಡಿದು ಓಡಾಡುವುದು ಸಾಕಾಗಿ, ಜೂನ್ ಮೊದಲ ವಾರ ಹುಬ್ಬಳ್ಳಿಯ ಗುಜರಿಯಿಂದ 200 ಲೀಟರಿನ ಹಳೆಯ ಕಬ್ಬಿಣದ ಬ್ಯಾರಲ್ ತಂದು ತುಂಬಿಸಿಟ್ಟರು. ಇದರಲ್ಲಿ ಕಾನೂನಿನ ತೊಡಕೇನೂ ಇರಲಿಲ್ಲ. ಯಾವ ಡಬ್ಬಿಯೂ 1000 ಲೀಟರಿಗಿಂತ ದೊಡ್ಡದಿಲ್ಲದೆ, ಒಟ್ಟು 2500 ಲೀಟರ್ ಮೀರದಿದ್ದರೆ ಡೀಸೆಲ್ ಇಡಲು ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ.

ಬ್ಯಾರಲ್ ಇಟ್ಟ ಜಾಗವೇ ಮುಂದಿನ ಕಥೆಗೆಲ್ಲ ಕಾರಣ. ಶೆಡ್ಡಿನ ಒಳಗೆ ಗೊಬ್ಬರದ ಚೀಲ, ಬೀಜ ತುಂಬಿದ್ದವು. ಹಾಗಾಗಿ ಹೊರಗೆ, ತಗಡಿನ ಅಂಚಿನ ಕೆಳಗೆ ನೆಟ್ಟಗೆ ನಿಲ್ಲಿಸಿದರು. ಮುಚ್ಚಳದ ಮೇಲೆ ಎರಡು ಬಿರಡೆ ಇರುತ್ತವಲ್ಲ, ದೊಡ್ಡದರ ಜಾಗದಲ್ಲಿ ಕೈಪಂಪ್ ಕೂರಿಸಿದರು. ಎದುರಿನ ಸಣ್ಣ ಬಿರಡೆಯನ್ನು ಡೀಸೆಲ್ ತೆಗೆಯುವಾಗ ಗಾಳಿ ಆಡಲೆಂದು ಸಡಿಲಿಸಿ, ಕೆಲಸ ಮುಗಿದ ಮೇಲೆ ಕೈಯಿಂದ ತಿರುವಿ ಬಿಡುತ್ತಿದ್ದರು. ಅದಕ್ಕೆ ವಾಷರ್ ಇರಲಿಲ್ಲ, ಗುಜರಿಯಲ್ಲಿಯೇ ಉದುರಿಹೋಗಿತ್ತು.

ಜೂನ್‌ನಲ್ಲಿ ಹರಗಲು, ಬಿತ್ತಲು ಎಂದು ತೊಂಬತ್ತು ಲೀಟರ್ ಖರ್ಚಾಯಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ಯಾರಲ್ ಅರ್ಧ ಖಾಲಿಯಾಗಿ ಅಲ್ಲಿಯೇ ನಿಂತಿತು. ಮಳೆಗಾಲದ ನಡುವೆ ಅದನ್ನು ಮುಟ್ಟಿದ್ದು ಎರಡೋ ಮೂರೋ ಸಲ.

ತೊಂದರೆ ಶುರುವಾದದ್ದು

ಅಕ್ಟೋಬರ್‌ನಲ್ಲಿ ಹಿಂಗಾರಿ ಮಳೆ ಚೆನ್ನಾಗಿ ಬಿತ್ತು. ಕಡಲೆ ಬಿತ್ತಲು ಕೂರಿಗೆ ಕಟ್ಟಿ ಹೊಲಕ್ಕೆ ಇಳಿದರು. ಒಂದೂವರೆ ತಾಸು ಓಡಿದ ಮೇಲೆ ಟ್ರ್ಯಾಕ್ಟರ್ ದಮ್ಮು ಕಳೆದುಕೊಳ್ಳತೊಡಗಿತು. ಖಾಲಿ ಓಡಿಸಿದರೆ ಸರಿ, ಕೂರಿಗೆ ನೆಲಕ್ಕೆ ಊರಿದರೆ ಇಂಜಿನ್ ಕುಸಿಯುತ್ತಿತ್ತು. ಊರಿನ ಹುಡುಗನೊಬ್ಬ ಫಿಲ್ಟರ್ ಬದಲಿಸಿ ಏರ್ ತೆಗೆದುಕೊಟ್ಟ. ಎಂಟು ತಾಸು ಓಡಿತು, ಮತ್ತೆ ಅದೇ ಆಯಿತು. ನೂರಾರು ತಾಸು ಬಾಳಬೇಕಾದ ಫಿಲ್ಟರ್ ಒಂದು ಹಗಲು ಬಾಳಲಿಲ್ಲ ಎಂದರೆ ದೋಷ ಫಿಲ್ಟರಿನದಲ್ಲ, ಅದಕ್ಕೆ ಬರುತ್ತಿರುವ ಎಣ್ಣೆಯದು. ಆದರೆ ಆಗ ಯಾರೂ ಬ್ಯಾರಲ್ ಕಡೆ ನೋಡಲಿಲ್ಲ.

ಕಾಕಾ ಅವರ ಮೊದಲ ತೀರ್ಮಾನ ಬಂಕಿನವರು ಕಲಬೆರಕೆ ಮಾಡಿದ್ದಾರೆ ಎಂಬುದು. ಬೈಕ್ ಹತ್ತಿ ಹೋಗಿ ಜಗಳ ತೆಗೆದರು. ಬಂಕಿನವರು ಅವರೆದುರೇ ಡೆನ್ಸಿಟಿ ತೆಗೆದು ತೋರಿಸಿದರು, ನೀರು ತಾಗಿದರೆ ಬಣ್ಣ ಬದಲಾಗುವ ನೀರಿನ ಪೇಸ್ಟನ್ನು ಅಳತೆಗೋಲಿಗೆ ಹಚ್ಚಿ ತೊಟ್ಟಿಗೆ ಇಳಿಸಿ ತೋರಿಸಿದರು. ಎರಡೂ ಸರಿ ಇದ್ದವು. ಆದರೆ ತೋರಿಸಿದ್ದು ಅಕ್ಟೋಬರಿನ ಎಣ್ಣೆ, ಕಾಕಾ ಕೇಳುತ್ತಿದ್ದದ್ದು ಜೂನ್‌ನದು. ಇಬ್ಬರೂ ಒಪ್ಪದೆ ಬೇರೆಯಾದರು.

ಎರಡನೆಯ ತೀರ್ಮಾನ ಹೆಚ್ಚು ದುಬಾರಿಯಾಯಿತು. ಅಂಗಡಿಯೊಂದರಲ್ಲಿ ‘ಡೀಸೆಲ್ ಸ್ವಚ್ಛ ಮಾಡುವ ಔಷಧ’ ಎಂದು ಕೊಟ್ಟ ಬಾಟಲಿಯನ್ನು ಮಗ ತಂದು ಟ್ರ್ಯಾಕ್ಟರಿನ ಟ್ಯಾಂಕಿಗೆ ಸುರಿದ. ಇಂಥ ಕೆಲವು ಔಷಧಗಳು ನೀರನ್ನು ತೆಗೆಯುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ಎಣ್ಣೆಯಲ್ಲೇ ತೇಲಿಸುತ್ತವೆ. ತಳದಲ್ಲಿ ಬೇರೆಯಾಗಿ ಕೂತಿದ್ದ ನೀರು ಮಜ್ಜಿಗೆಯಂತೆ ಬೆರೆತು ಫಿಲ್ಟರ್ ದಾಟಿ ಪಂಪಿಗೆ, ನಾಝಲ್‌ಗೆ ಹೋಯಿತು. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಆಗಲೇ ಇಲ್ಲ. ಹದ ಆರುತ್ತಿತ್ತು. ಎಂಟು ಎಕರೆಗೆ ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಬಿತ್ತಿಸಿದರು. ನನಗೆ ಫೋನ್ ಬಂದದ್ದು ಆಮೇಲೆ.

ಕಂಡದ್ದು

ಫಿಲ್ಟರ್ ಬಿಚ್ಚಿದಾಗ ಕಂದು ಬಣ್ಣದ ಲೋಳೆ ಸುತ್ತಿಕೊಂಡಿತ್ತು. ಅಗಸಿ ನೆನೆಹಾಕಿದರೆ ಹೇಗೆ ಎಳೆಎಳೆಯಾಗಿ ಬರುತ್ತದೋ ಹಾಗೆ, ಬೆರಳಿಗೆ ಅಂಟಿ ಜಗ್ಗುತ್ತಿತ್ತು. ಮಣ್ಣಾದರೆ ಬೆರಳ ನಡುವೆ ತಿಕ್ಕಿದಾಗ ಚರಚರ ಎನ್ನುತ್ತದೆ. ಹಳೆಯ ಡೀಸೆಲ್ ಕೆಟ್ಟು ಆಗುವ ಗೋಂದಾದರೆ ಗಟ್ಟಿಯಾಗಿ, ವಾರ್ನಿಷ್‌ನಂತೆ ಹೊಳೆಯುತ್ತ ಅಂಟಿರುತ್ತದೆ. ಲೋಳೆ ಇದ್ದರೆ ಅದು ಜೀವದ ಕೆಲಸ. ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆಯ ಹಿಂದೆ ಕೊಳೆತ ತತ್ತಿಯ ನಾತ.

“ಕಾಕಾ, ಬ್ಯಾರಲ್ ಎಲ್ಲೈತ್ರಿ?” ಅಂದೆ.

“ಬ್ಯಾರಲ್‌ಗೆ ಏನಾಗ್ತೈತಿ ಮಿಸ್ತ್ರಿ, ಬಾಯಿ ಬಂದ್ ಐತಲ್ಲ,” ಅಂದರು.

ನೀರಿನ ಪೇಸ್ಟ್ ನನ್ನ ಚೀಲದಲ್ಲಿ ಇರಲಿಲ್ಲ. ಅದಿಲ್ಲದೆಯೂ ನೋಡಬಹುದು. ಅರ್ಧ ಇಂಚಿನ ಪಾರದರ್ಶಕ ಪೈಪನ್ನು ಒಂದು ಕಡ್ಡಿಗೆ ಕಟ್ಟಿ ನೆಟ್ಟಗೆ ಮಾಡಿ, ಮೇಲಿನ ಬಾಯಿಯನ್ನು ತೆರೆದೇ ಬಿಟ್ಟು ಬ್ಯಾರಲ್ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಬೇಕು. ಇಳಿಯುತ್ತಿದ್ದಂತೆ ಒಳಗಿನ ಪದರಗಳು ಇದ್ದ ಎತ್ತರದಲ್ಲೇ ಪೈಪಿನೊಳಗೆ ಸೇರುತ್ತವೆ. ತಳ ಮುಟ್ಟಿದ ಮೇಲೆ ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಎತ್ತಿದರೆ ತಳದ ಚಿತ್ರ ಹಾಗೆಯೇ ಮೇಲೆ ಬರುತ್ತದೆ. ಬಂದದ್ದನ್ನು ಗಾಜಿನ ಬಾಟಲಿಗೆ ಬಿಟ್ಟೆವು. ಕೆಳಗೆ ಕದಡಿದ ನೀರು, ಮೇಲೆ ಡೀಸೆಲ್, ಎರಡರ ನಡುವೆ ಕಂದು ಬಣ್ಣದ ತೆಳ್ಳಗಿನ ಪೊರೆ. ಪೈಪಿನಲ್ಲಿ ನೀರಿನ ಎತ್ತರ ಒಂದೂವರೆ ಸೆಂಟಿಮೀಟರ್ ಇತ್ತು.

ಆ ಪೊರೆಯ ಬಗ್ಗೆ ಒಂದಿಷ್ಟು ಹೇಳಬೇಕು. ಡೀಸೆಲನ್ನು ತಿಂದು ಬದುಕುವ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳಿವೆ. ಇವುಗಳಲ್ಲಿ ಹೆಸರಾದದ್ದು ಹಾರ್ಮೊಕೋನಿಸ್ ರೆಸಿನೆ ಎಂಬ ಬೂಷ್ಟು, ಸೀಮೆಎಣ್ಣೆಯ ಬೂಷ್ಟು ಎಂದೇ ಅದನ್ನು ಕರೆಯುತ್ತಾರೆ. ಇವುಗಳ ಬೀಜಾಣು ಗಾಳಿಯಲ್ಲಿ, ಧೂಳಿನಲ್ಲಿ ಎಲ್ಲೆಲ್ಲೂ ಇರುತ್ತವೆ, ಬ್ಯಾರಲ್‌ಗೂ ಹೋಗಿಯೇ ಹೋಗುತ್ತವೆ. ಆದರೆ ಒಣ ಡೀಸೆಲ್‌ನಲ್ಲಿ ಅವು ಬೆಳೆಯಲಾರವು. ಊಟ ಎಣ್ಣೆಯಲ್ಲಿದೆ, ಬದುಕು ನೀರಿನಲ್ಲಿದೆ. ಹಾಗಾಗಿ ಎರಡೂ ಕೂಡುವ ಗಡಿಯಲ್ಲೇ ಮನೆ ಕಟ್ಟುತ್ತವೆ. ಕೆಲವು ಮಿಲಿಮೀಟರ್ ನೀರಾದರೂ ಸಾಕು. ಇಪ್ಪತ್ತೈದರಿಂದ ಮೂವತ್ತೈದು ಡಿಗ್ರಿ ಅವಕ್ಕೆ ಹಿತವಾದ ಬಿಸಿ, ಅಂದರೆ ನಮ್ಮ ಮಳೆಗಾಲದ ಹಗಲು. ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ತಳದ ತಗಡನ್ನು ಕೊರೆಯುತ್ತದೆ. ಪೊರೆಯ ಕೆಳಗೆ ಗಾಳಿಯಾಡದ ಕಡೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ, ಕೊಳೆತ ತತ್ತಿಯ ನಾತ ಅವುಗಳದು.

ನೀರು ಎಲ್ಲಿಂದ ಬಂತು

ಈ ಪ್ರಶ್ನೆಗೆ ನಾವು ಅರ್ಧ ದಿನ ಕೊಟ್ಟೆವು. ಉತ್ತರ ತಪ್ಪಿದರೆ ಬ್ಯಾರಲ್ ತೊಳೆದಿಟ್ಟರೂ ಮುಂದಿನ ವರ್ಷ ಅದೇ ಆಗುತ್ತದೆ.

ಕಾಕಾ ಇನ್ನೂ ಬಂಕಿನವರ ಮೇಲೇ ಇದ್ದರು. ಅವರ ತಮ್ಮ ಬೇರೆ ಹೇಳಿದರು: “ಬ್ಯಾರಲ್ ಬೆವತೈತಿ. ರಾತ್ರಿ ತಂಪಿಗೆ ಒಳಗ ಹನಿ ಕೂಡ್ತಾವ.” ಬೆವರಿನ ಮಾತು ನಾನೂ ಎಷ್ಟೋ ಜನರಿಗೆ ಹೇಳಿದ್ದೆ. ಆದರೆ ಪೈಪಿನಲ್ಲಿ ಕಂಡ ನೀರನ್ನು ಅಳೆದಾಗ ನನಗೇ ಅನುಮಾನ ಬಂತು. ಬ್ಯಾರಲ್ ಒಳಗಿನ ಅಡ್ಡಳತೆ ಸುಮಾರು 57 ಸೆಂಟಿಮೀಟರ್. ಒಂದು ಸೆಂಟಿಮೀಟರ್ ಎತ್ತರಕ್ಕೆ ಎರಡೂವರೆ ಲೀಟರ್ ಹಿಡಿಯುತ್ತದೆ. ಒಂದೂವರೆ ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ನಾಲ್ಕು ಲೀಟರ್.

ಮೊದಲು ಬಂಕಿನ ಲೆಕ್ಕ. ಈಗಿನ ಬಿಎಸ್ 6 ಡೀಸೆಲ್‌ನಲ್ಲಿ ಕಿಲೋಗೆ ಹೆಚ್ಚೆಂದರೆ 200 ಮಿಲಿಗ್ರಾಂ ನೀರು ಇರಬಹುದು ಎಂಬುದು ಮಾನಕ. ಮಿತಿಯ ತುದಿಯಷ್ಟೇ ಇದ್ದು, ಅದೆಲ್ಲ ತಳಕ್ಕಿಳಿಯಿತು ಎಂದುಕೊಂಡರೂ 200 ಲೀಟರಿಗೆ ಬರುವುದು ಸುಮಾರು 33 ಮಿಲಿಲೀಟರ್. ಸಣ್ಣ ಚಹಾ ಕಪ್ಪಿನ ಅರ್ಧವೂ ಆಗುವುದಿಲ್ಲ. ಇನ್ನು ನಾಲ್ಕು ಲೀಟರನ್ನೇ ಬೆರೆಸಿ ಕೊಟ್ಟಿದ್ದರೆ ಜೂನ್‌ನಲ್ಲೇ ಟ್ರ್ಯಾಕ್ಟರ್ ನಿಲ್ಲಬೇಕಿತ್ತು. ತೊಂಬತ್ತು ಲೀಟರ್ ತಕರಾರಿಲ್ಲದೆ ಓಡಿತ್ತಲ್ಲ.

ಆಮೇಲೆ ಬೆವರಿನ ಲೆಕ್ಕ. ಖಾಲಿ ಜಾಗ ನೂರು ಲೀಟರ್ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತು ಡಿಗ್ರಿ ತಂಪಾದರೆ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಮೂರು ಚಿಲ್ಲರೆ ಲೀಟರ್ ಗಾಳಿ ಒಳಬರುತ್ತದೆ. ಮಳೆಗಾಲದ ಹಸಿ ಗಾಳಿಯೇ ಆದರೂ ಅಷ್ಟರಲ್ಲಿರುವ ನೀರು ಒಂದು ಗ್ರಾಮಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಅದೆಲ್ಲ ಹನಿಯಾಗಿ ಬಿದ್ದರೂ ನಾಲ್ಕು ತಿಂಗಳಿಗೆ ಎರಡು ಚಮಚ. ಬೆವರು ಸುಳ್ಳಲ್ಲ. ಎರಡು ಚಮಚ ನೀರೂ ಬೂಷ್ಟು ಹುಟ್ಟಲು ಸಾಕು. ಆದರೆ ಅದು ನಾಲ್ಕು ಲೀಟರ್ ಆಗುವುದಿಲ್ಲ.

ಉಳಿದದ್ದು ಮುಚ್ಚಳ. ನೆಟ್ಟಗೆ ನಿಂತ ಬ್ಯಾರಲ್‌ನ ಮುಚ್ಚಳದ ಸುತ್ತ ಅಂಚು ಎದ್ದಿರುತ್ತದೆ, ತಾಟಿನಂತೆ. ಎರಡು ಸೆಂಟಿಮೀಟರ್ ನೀರು ನಿಂತರೆ ಐದು ಲೀಟರ್. ತಗಡಿನ ಸೂರಿನ ನೀರು ನೇರ ಅಲ್ಲಿಗೇ ಬೀಳುತ್ತಿತ್ತು. ಬಿಸಿಲಿಗೆ ಕಾದ ಬ್ಯಾರಲ್ ಮೇಲೆ ಸಂಜೆಯ ಮಳೆ ಬಿದ್ದು ತಟ್ಟನೆ ತಂಪಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹೊರಗಿನಿಂದ ಏನಾದರೂ ಬರಲೇಬೇಕು. ಬಿರಡೆ ನೀರಿನಡಿ ಮುಳುಗಿದ್ದರೆ ಗಾಳಿಯ ಬದಲು ನೀರೇ ಎಳೆಯಲ್ಪಡುತ್ತದೆ. ಬಿರಡೆ ‘ಬಂದ್’ ಇದೆ ಎಂದು ಕಾಣುತ್ತದೆ, ಆದರೆ ವಾಷರ್ ಇಲ್ಲದ ತಿರುಪಿನ ಸಂದಿ ಹೀರುವುದಕ್ಕೆ ಸಾಕು.

ಕಾಕಾ ನಂಬಲಿಲ್ಲ. ಲೆಕ್ಕದಿಂದ ಯಾರೂ ನಂಬುವುದಿಲ್ಲ, ಅದು ತಪ್ಪೂ ಅಲ್ಲ. ನಾಲ್ಕು ದಿನದ ಮೇಲೆ, ಬ್ಯಾರಲ್ ಖಾಲಿ ಮಾಡಿ ಒಳಗೆ ಒರೆಸಿ ಒಣಗಿಸಿದ ನಂತರ, ಬಿರಡೆಯನ್ನು ಅವರ ಕೈಯಿಂದಲೇ ಎಂದಿನಂತೆ ತಿರುವಿಸಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದೆವು. ಮುಟ್ಟಿದರೆ ಕೈ ಸುಡುವಷ್ಟು ಕಾದ ಮೇಲೆ ಮುಚ್ಚಳದ ಮೇಲೆ ಒಂದು ಕೊಡ ಬಾವಿಯ ನೀರು ಸುರಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಸಣ್ಣ ಬಿರಡೆಯ ಸುತ್ತ ಸೊರ್ ಎಂದು ಸಪ್ಪಳ ಬರತೊಡಗಿತು. ಮಗ ಬಗ್ಗಿ ಕಿವಿಗೊಟ್ಟ. “ಅಪ್ಪಾ, ಕುಡ್ಯಾಕ್ಹತ್ತೈತಿ ಇದು!” ಅಂದ. ಬ್ಯಾರಲ್ ಬೋರಲು ಹಾಕಿ ತೆಗೆದಾಗ ಒಂದು ತಂಬಿಗೆಗೂ ಹೆಚ್ಚು ನೀರು ಬಂತು. ಕಾಕಾ ಸುಮ್ಮನೆ ಕಟ್ಟೆಯ ಮೇಲೆ ಕೂತರು. ಮರುದಿನ ಬಂಕಿಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದರಂತೆ.

ಏನು ಮಾಡಿದೆವು

ಬ್ಯಾರಲ್‌ನಲ್ಲಿ ಇನ್ನೂ ನೂರು ಲೀಟರಿನ ಹತ್ತಿರ ಡೀಸೆಲ್ ಇತ್ತು. ಎಲ್ಲ ಚೆಲ್ಲುವುದೇ? “ಎಣ್ಣಿಗೆ ನಾಕ್ ತಿಂಗಳಾತು, ವಯಸ್ಸಾಗೈತಿ,” ಎಂದು ತಮ್ಮ ಹೇಳುತ್ತಿದ್ದರು. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ನೀರಿಲ್ಲದೆ, ನೆರಳಲ್ಲಿ, ಬಾಯಿ ಭದ್ರವಾಗಿ ಇಟ್ಟ ಡೀಸೆಲ್ ಆರು ತಿಂಗಳಿಂದ ಒಂದು ವರ್ಷ ಇರುತ್ತದೆ. ಮೂವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಆರು ತಿಂಗಳೆಂದೇ ಲೆಕ್ಕ ಹಿಡಿಯುವುದು ಒಳ್ಳೆಯದು. ಬಯೋಡೀಸೆಲ್ ಬೆರೆತದ್ದಾದರೆ ಇನ್ನೂ ಬೇಗ ಬಳಸಬೇಕು, ಅದು ನೀರನ್ನೂ ಹೆಚ್ಚು ಹಿಡಿದುಕೊಳ್ಳುತ್ತದೆ. ವಯಸ್ಸಿನಿಂದ ಕೆಟ್ಟ ಡೀಸೆಲ್ ಮೇಲಿನಿಂದ ಕೆಳಗಿನವರೆಗೂ ಕಪ್ಪಾಗಿ, ಹುಳಿ ವಾಸನೆ ಹಿಡಿದಿರುತ್ತದೆ. ನೀರಿನಿಂದ ಕೆಟ್ಟದ್ದು ತಳದಿಂದ ಮೇಲಕ್ಕೆ ಕೆಡುತ್ತ ಬರುತ್ತದೆ. ಕಾಕಾ ಅವರ ಬ್ಯಾರಲ್‌ನ ಮೇಲ್ಭಾಗದಿಂದ ತೆಗೆದ ಬಾಟಲಿ ಹೊಸ ಎಣ್ಣೆಯಷ್ಟೇ ತಿಳಿಯಾಗಿತ್ತು. ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದುತ್ತಿದ್ದವು.

ಹಾಗಾಗಿ ಬ್ಯಾರಲ್ ಅಲುಗಿಸದೆ ಎರಡು ದಿನ ಬಿಟ್ಟೆವು. ಮೇಲಿನಿಂದ ಪೈಪ್ ಇಳಿಸುತ್ತ ತೆಗೆದು, ತಳದ ಹತ್ತು ಸೆಂಟಿಮೀಟರ್ ಮುಟ್ಟಲಿಲ್ಲ. ಎಪ್ಪತ್ತು ಲೀಟರಿಗೂ ಹೆಚ್ಚು ಉಳಿಯಿತು. ಪ್ರತಿ ಕ್ಯಾನಿನಿಂದ ಒಂದು ಬಾಟಲಿ ತೆಗೆದು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಳದಲ್ಲಿ ಹನಿ ಇಲ್ಲವೆಂದು ನೋಡಿದ ಮೇಲೆಯೇ, ಅರ್ಧಕ್ಕರ್ಧ ಹೊಸ ಡೀಸೆಲ್ ಬೆರೆಸಿ ಅದೇ ತಿಂಗಳು ಓಡಿಸಿ ಮುಗಿಸಿದರು. ಬಟ್ಟೆಯಲ್ಲಿ ಸೋಸಿದರೆ ಸಾಕಲ್ಲವೇ ಎಂದು ಮಗ ಕೇಳಿದ. ಬಟ್ಟೆ ಎಳೆಗಳನ್ನು ತಡೆಯುತ್ತದೆ, ಬೀಜಾಣುವನ್ನಲ್ಲ. ಒಂದು ಮಾತು ಎಚ್ಚರಕ್ಕೆ: ಇವರದು ಹಳೆಯ ಮೆಕ್ಯಾನಿಕಲ್ ಪಂಪ್ ಎಂದೇ ನಾನು ಇದಕ್ಕೆ ಒಪ್ಪಿದ್ದು. ತುಂಬ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ ಕಾಮನ್ ರೈಲ್ ಇಂಜಿನ್ ಆಗಿದ್ದರೆ ಒಂದು ಲೀಟರನ್ನೂ ಹಾಕಗೊಡುತ್ತಿರಲಿಲ್ಲ.

ಬೂಷ್ಟು ಕೊಲ್ಲುವ ರಾಸಾಯನಿಕ ಹಾಕಬೇಕೇ ಎಂದೂ ಯೋಚಿಸಿದೆ. ಹಡಗು, ದೊಡ್ಡ ಜನರೇಟರ್ ನೋಡಿಕೊಳ್ಳುವವರು ಬಳಸುತ್ತಾರೆ. ಆದರೆ ಅದು ನೀರನ್ನು ತೆಗೆಯುವುದಿಲ್ಲ, ಸತ್ತ ಲೋಳೆಯೂ ಫಿಲ್ಟರಿಗೇ ಬರುತ್ತದೆ. ನೂರು ಲೀಟರಿನ ಎಣ್ಣೆಗೆ, ನೀರು ತೆಗೆಯುವುದೇ ಸಾಧ್ಯವಿರುವಾಗ, ಅದು ಬೇಡ ಅನಿಸಿತು.

ತಳದ ಕೊಳೆ ಎಣ್ಣೆಯನ್ನು ಹಾಳೆಣ್ಣೆ ಒಯ್ಯುವವರಿಗೆ ಕೊಡಲು ಮುಚ್ಚಿದ ಕ್ಯಾನಿನಲ್ಲಿ ಇಟ್ಟೆವು. ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಂತೆ ಹೊಯ್ಯೋಣ ಎಂದರು ತಮ್ಮ. ಬೇಲಿಯಿಂದ ಬಾವಿಗೆ ಇಪ್ಪತ್ತು ಮಾರು ಇಲ್ಲ, ಬೇಡವೆಂದೆ.

ಟ್ರ್ಯಾಕ್ಟರಿನ ಟ್ಯಾಂಕ್ ಇಳಿಸಿ ಒಳಗೆ ಒರೆಸಿದಾಗ ಗೋಡೆಯಲ್ಲೂ ಲೋಳೆ ಇತ್ತು. ಎರಡೂ ಫಿಲ್ಟರ್ ಬದಲಿಸಿ ಏರ್ ತೆಗೆದೆವು. ಒಂದು ನಾಝಲ್ ತುಕ್ಕು ಹಿಡಿದು ಕೂತಿತ್ತು, ಹೊಸದು ಹಾಕಬೇಕಾಯಿತು. ಲೋಳೆ ಒಂದೇ ಸಲಕ್ಕೆ ಹೋಗುವುದಿಲ್ಲ. ಹತ್ತು ತಾಸಿಗೆ ಒಮ್ಮೆ, ನಲವತ್ತು ತಾಸಿಗೆ ಇನ್ನೊಮ್ಮೆ ಫಿಲ್ಟರ್ ಬಿಚ್ಚಿ ನೋಡಿದೆವು. ಎರಡನೆಯ ಸಲ ಎಳೆಗಳು ಕಾಣಲಿಲ್ಲ.

ಬ್ಯಾರಲ್‌ನ ತಳದಲ್ಲಿ ಬಳೆಯಂತೆ ಸುತ್ತ ತುಕ್ಕಿನ ಗುಳಿಗಳಿದ್ದವು. ಎಷ್ಟು ತೊಳೆದರೂ ಆ ಗುಳಿಗಳಲ್ಲಿ ಲೋಳೆ ಉಳಿಯುತ್ತದೆ, ಹೊಸ ಎಣ್ಣೆಗೆ ಹೆಪ್ಪು ಹಾಕಿದಂತೆ ಆಗುತ್ತದೆ. ಅದನ್ನು ಡೀಸೆಲ್‌ಗೆ ಇನ್ನು ಬಳಸುವುದಿಲ್ಲವೆಂದು ತೀರ್ಮಾನಿಸಿದೆವು. ಅದನ್ನು ಕೇಳಿದ ಪಕ್ಕದ ಮನೆಯವರು, ದನಕ್ಕೆ ನೀರಿಡಲು ಅರ್ಧ ಕತ್ತರಿಸಿಕೊಳ್ಳುತ್ತೇವೆಂದು ಗ್ಯಾಸ್ ಕಟರಿನವನನ್ನೇ ಕರೆದುಕೊಂಡು ಬಂದುಬಿಟ್ಟರು. ನಾನು ಅಂದು ಅಲ್ಲಿದ್ದದ್ದು ಪುಣ್ಯ. ಖಾಲಿ ಕಾಣುವ ಬ್ಯಾರಲ್‌ನ ಮರೆಗಳಲ್ಲಿ ಉಳಿದ ಡೀಸೆಲ್ ಕಟರಿನ ಬಿಸಿಗೆ ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಸೇರಿ ಸಿಡಿಯುತ್ತದೆ. ತುಂಬಿದ ಬ್ಯಾರಲ್‌ಗಿಂತ ಖಾಲಿ ಬ್ಯಾರಲ್ ಈ ಕೆಲಸಕ್ಕೆ ಹೆಚ್ಚು ಅಪಾಯ. ಅವನನ್ನು ವಾಪಸು ಕಳಿಸಿ, ಇಡಿಯಾಗಿಯೇ ಗುಜರಿಗೆ ಹಾಕಿಸಿದೆ.

ಈಗ ಇರುವ ರೀತಿ

ಹೊಸ ಬ್ಯಾರಲ್ ಶೆಡ್ಡಿನ ಒಳಗೆ ಬಂತು, ಗೊಬ್ಬರದ ಚೀಲಗಳು ಇನ್ನೊಂದು ಮೂಲೆಗೆ ಸರಿದವು. ಸತುವಿನ ಲೇಪವಿರುವ ಬ್ಯಾರಲ್ ಸಿಕ್ಕಿತ್ತು, ತುಕ್ಕು ಹಿಡಿಯುವುದಿಲ್ಲವೆಂದು ಮಗನಿಗೆ ಆಸೆಯಾಗಿತ್ತು. ಸತು ಡೀಸೆಲ್‌ನ ಆಮ್ಲದೊಂದಿಗೆ ಸೇರಿ ಸಾಬೂನಿನಂಥ ಜಿಡ್ಡಾಗಿ ಫಿಲ್ಟರ್ ಕಟ್ಟುತ್ತದೆ, ಬಿಟ್ಟೆವು. ಬ್ಯಾರಲನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಒಂದು ಬದಿಗೆ ಎರಡು ಬೆರಳು ಹೆಚ್ಚು ಎತ್ತರ ಕೊಟ್ಟೆವು. ಎರಡು ಬಿರಡೆಗಳು ಎದುರುಬದುರು ಇರುವುದರಿಂದ ಒಂದನ್ನು ಮೇಲೆ ಮಾಡಿದರೆ ಇನ್ನೊಂದು ಇಳಿಜಾರಿಗೆ ಹೋಗುತ್ತದೆ. ಆದ್ದರಿಂದ ಎರಡೂ ಎಡಬಲಕ್ಕೆ ಬರುವಂತೆ ತಿರುಗಿಸಿ ವಾಲಿಸಬೇಕು. ಆಗ ಮುಚ್ಚಳದ ಮೇಲೆ ನೀರು ಬಿದ್ದರೂ ಬಿರಡೆ ಮುಳುಗುವುದಿಲ್ಲ, ಒಳಗಿನ ನೀರು ತಗ್ಗಿನ ಅಂಚಿಗೆ ಹೋಗಿ ಕೂಡುತ್ತದೆ. ಕೈಪಂಪಿನ ಪೈಪನ್ನು ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಕತ್ತರಿಸಿದೆವು. ಬಿರಡೆಗೆ ಡೀಸೆಲ್ ತಡೆಯುವ ರಬ್ಬರಿನ ವಾಷರ್ ಹಾಕಿ, ಪಾನಾದಿಂದಲೇ ಬಿಗಿಯುವ ರೂಢಿ ಆಯಿತು.

ತುಂಬುವ ಪ್ರಮಾಣವೂ ಬದಲಾಯಿತು. ಜೂನ್‌ನಲ್ಲಿ 200 ಲೀಟರ್ ತಂದು ಅಕ್ಟೋಬರ್‌ವರೆಗೆ ಎಳೆಯುವ ಬದಲು, ಮುಂಗಾರಿಗೆ ಬೇಕಾದಷ್ಟೇ ತಂದು ಮುಗಿಸಿ, ಹಿಂಗಾರಿಗೆ ಹೊಸದಾಗಿ ತರುತ್ತಾರೆ. ತಂದ ದಿನ ಬ್ಯಾರಲ್ ಮೇಲೆ ಸುಣ್ಣದಿಂದ ಬರೆದಿರುತ್ತದೆ. ತಿಂಗಳಿಗೊಮ್ಮೆ ಮಗ ಪೈಪನ್ನು ಓರೆಯಾಗಿ ತಗ್ಗಿನ ಅಂಚಿಗೆ ಇಳಿಸಿ ನೋಡಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾನೆ.

ಮರುವರ್ಷ ಆಗಸ್ಟ್‌ನಲ್ಲಿ ಅವನೇ ಫೋನ್ ಮಾಡಿದ. ಪೈಪಿನ ತುದಿಯಲ್ಲಿ ಒಂದು ಕಾಳು ಎತ್ತರದ ನೀರು ಬಂದಿದೆ, ವಾಷರ್ ಸರಿ ಇದೆ, ಮುಚ್ಚಳ ಒಣಗಿದೆ, ಸೂರಿನಿಂದ ಹನಿ ಇಲ್ಲ ಎಂದ. ನಾನು ಹೋಗಿ ನೋಡಿದೆ. ಬಂಕಿನಿಂದ ಡೀಸೆಲ್ ತರುವ ಕ್ಯಾನುಗಳನ್ನು ಧೂಳು ಹೋಗಲೆಂದು ಮನೆಯವರು ಪ್ರತಿ ಸಲ ತೊಳೆದಿಡುತ್ತಿದ್ದರು. ಹಿಡಿಕೆಯ ಟೊಳ್ಳಿನಲ್ಲಿ ಉಳಿದ ನೀರು ಡೀಸೆಲ್ ಜೊತೆ ಬ್ಯಾರಲ್‌ಗೆ ಹೋಗುತ್ತಿತ್ತು. ತಗ್ಗಿನ ಅಂಚಿನಿಂದ ಅದನ್ನು ಎಳೆದು ತೆಗೆಯಲು ಐದು ನಿಮಿಷ ಹಿಡಿಯಿತು. ಪೊರೆ ಇನ್ನೂ ಕಟ್ಟಿರಲಿಲ್ಲ.